ತೀರಿಹೋದ ದಿವಾನರು ಒತ್ತಿದ ಸ್ವಿಚ್ಚು

ಹಳೇ ಮೈಸೂರಿಗೆ ಕರೆಂಟು ಬಂದ ಕಥೆಯ ಒಂದು ಹಸ್ತಪ್ರತಿ ಫ್ಯಾಕ್ಟ್ ಚೆಕ್‌ಗೆಂದು ನನ್ನ ಕೈಗೆ ಬಂತು. ಬರೆದವರು ನಿವೃತ್ತ ಎಂಜಿನಿಯರ್. ಬರವಣಿಗೆ ಸೊಗಸಾಗಿತ್ತು. ನನಗೆ ಭಯ ಹುಟ್ಟಿಸುವುದೂ ಅದೇ. ಸಲೀಸಾಗಿ ಓದಿಸಿಕೊಂಡು ಹೋಗುವ ವಾಕ್ಯದಲ್ಲಿ ತಪ್ಪಿದ್ದರೆ ಬೇಗ ಕಾಣುವುದಿಲ್ಲ.

ಹಾಗಾಗಿ ಮೊದಲ ಸಲ ಕಥೆಗಾಗಿ ಓದಿ ಮುಗಿಸಿಬಿಡುತ್ತೇನೆ. ಎರಡನೇ ಸಲ ಪ್ರಿಂಟ್ ತೆಗೆದುಕೊಂಡು ಪೆನ್ಸಿಲ್ ಹಿಡಿದು ಕೂರುತ್ತೇನೆ. ಹೆಸರು, ಇಸವಿ, ಅಂಕಿ, ಕೋಟ್ ಮಾಡಿದ ಮಾತು, ಎಲ್ಲದರ ಕೆಳಗೂ ಗೆರೆ. ‘ಮೊದಲ’, ‘ಅತಿ ದೊಡ್ಡ’ ಎಂಬ ಪದಗಳಿಗೆ ಸುತ್ತು. ಆಮೇಲೆ ಪ್ರತಿ ಗೆರೆಯನ್ನೂ ಒಂದು ಎಕ್ಸೆಲ್ ಶೀಟಿಗೆ ಹಾಕಿ, ಪಕ್ಕದಲ್ಲಿ ‘ಲೇಖಕರಿಗೆ ಇದು ಎಲ್ಲಿ ಸಿಕ್ಕಿತು’ ಎಂಬ ಕಾಲಂ ಬಿಡುತ್ತೇನೆ. ಅದನ್ನು ತುಂಬಬೇಕಾದವರು ಅವರೇ.

ಮೂರನೇ ಅಧ್ಯಾಯದಲ್ಲಿ ಹೀಗಿತ್ತು: 1902ರ ಜೂನ್ 30ರಂದು ದಿವಾನ್ ಶೇಷಾದ್ರಿ ಅಯ್ಯರ್ ಸ್ವಿಚ್ಚು ಒತ್ತಿದರು, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ದಿನಾಂಕ ಸರಿ. ಯೋಜನೆಯ ಹಿಂದೆ ಅಯ್ಯರ್ ಇದ್ದದ್ದೂ ಸರಿ. ಆದರೆ ಅವರು 1901ರಲ್ಲೇ ದಿವಾನಗಿರಿ ಬಿಟ್ಟಿದ್ದರು, ಅದೇ ಸೆಪ್ಟೆಂಬರ್ 13ಕ್ಕೆ ತೀರಿಹೋಗಿದ್ದರು! ದಿನಾಂಕವನ್ನಷ್ಟೇ ಟಿಕ್ ಮಾಡಿ ಮುಂದೆ ಹೋಗಿದ್ದರೆ ಇದು ಸಿಗುತ್ತಿರಲಿಲ್ಲ. ಇಸವಿ ನೋಡಿದ ಮೇಲೆ, ಆ ದಿನ ಆ ಮನುಷ್ಯ ಆ ಹುದ್ದೆಯಲ್ಲಿ ಇದ್ದನಾ ಅಂತಲೂ ನೋಡಬೇಕು. ಮುಂದಿನ ಸಾಲಿನಲ್ಲಿ ನಾಲ್ವಡಿಯವರು ಅಪ್ಪಣೆ ಕೊಟ್ಟರು ಎಂದಿತ್ತು. ಅವರಿಗೆ ಅಧಿಕಾರ ಸಿಕ್ಕಿದ್ದು 1902ರ ಆಗಸ್ಟ್ 8ಕ್ಕೆ. ಜೂನ್‌ನಲ್ಲಿ ಇನ್ನೂ ಅವರ ತಾಯಿಯ ರೀಜೆಂಟ್ ಆಡಳಿತ.

ಅದೇ ಪುಟದಲ್ಲಿ ಅಯ್ಯರ್ ಅವರ ಮಾತು ಕೋಟ್ ಚಿಹ್ನೆಯೊಳಗಿತ್ತು. ಗಣಿಯವರೆಗಿನ ತಂತಿ 147 ಕಿಲೋಮೀಟರ್ ಎಂದು ಅವರೇ ಹೇಳುತ್ತಾರೆ. ನನಗೆ ಅಲ್ಲೇ ಅನುಮಾನ ಬಂತು. ಆಗ ಇಲ್ಲಿ ದೂರ ಎಂದರೆ ಮೈಲಿ. ಮೆಟ್ರಿಕ್ ಅಳತೆ ನಮಗೆ ಬಂದದ್ದು 1950ರ ದಶಕದ ಕೊನೆಗೆ. ಲೇಖಕರಿಗೆ ಫೋನ್ ಮಾಡಿದೆ. “ಸರ್, ಈ ಮಾತು ಎಲ್ಲಿ ಸಿಕ್ಕಿತು?”

“ಎಲ್ಲರೂ ಬರೆದಿದ್ದಾರಲ್ಲಮ್ಮಾ, ಮೂರು ಪುಸ್ತಕದಲ್ಲಿದೆ.”

ಮೂರನ್ನೂ ತರಿಸಿದೆ. ಮೂರರಲ್ಲೂ ಒಂದೇ ವಾಕ್ಯ, ಅಲ್ಪವಿರಾಮವೂ ಒಂದೇ ಕಡೆ. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದದ್ದು. ಅದನ್ನು ಮೂರು ಆಧಾರ ಅಂತ ಲೆಕ್ಕ ಹಾಕುವ ಹಾಗಿಲ್ಲ, ಒಂದೇ. ಅದಕ್ಕೂ ಮೂಲ ಕೊಟ್ಟಿರಲಿಲ್ಲ. ಕೋಟ್ ತೆಗೆಸಿದೆ. ‘92 ಮೈಲಿ’ ಎಂಬ ದೂರ ಮಾತ್ರ ಲೇಖಕರ ಮಾತಾಗಿ ಉಳಿಯಿತು. ಅವರಿಗೆ ಬೇಸರವಾಯಿತು, ಸುಳ್ಳೇಕೆ ಹೇಳಲಿ.

ಅಂಕಿಗಳಲ್ಲಿ ಹೆಚ್ಚು ಹೊತ್ತು ತಿಂದದ್ದು ಬೆಂಗಳೂರಿನ ಜನಸಂಖ್ಯೆ. 1905ರ ಆಗಸ್ಟ್ 5ಕ್ಕೆ ಬೀದಿ ದೀಪ ಬಂದಾಗ ಊರಲ್ಲಿ 69 ಸಾವಿರ ಜನ ಎಂದು ಒಂದು ಕಡೆ, ಒಂದೂವರೆ ಲಕ್ಷಕ್ಕೂ ಜಾಸ್ತಿ ಎಂದು ಇನ್ನೊಂದು ಕಡೆ. ಎರಡರಲ್ಲಿ ಒಂದು ತಪ್ಪಿರಬೇಕು ಎಂದುಕೊಂಡೆ. 1901ರ ಜನಗಣತಿಯ ಲೆಕ್ಕ ತೆಗೆದು ನೋಡಿದರೆ ಎರಡೂ ಸರಿ! ಪೇಟೆ ಕಡೆಯ ಊರು 69,447. ದಂಡು ಪ್ರದೇಶ 89,599. ದಂಡು ಆಗ ಬ್ರಿಟಿಷರ ಕೈಯಲ್ಲಿತ್ತು, ಲೆಕ್ಕವೂ ಬೇರೆ. ಎರಡೂ ಸೇರಿದರೆ 1,59,046. ಅಂಕಿ ತಪ್ಪಿರಲಿಲ್ಲ, ‘ಬೆಂಗಳೂರು’ ಎಂದರೆ ಯಾವುದು ಎಂದು ಹೇಳಿರಲಿಲ್ಲ ಅಷ್ಟೇ. ಜೊತೆಗೆ ಅದು 1905ರದ್ದಲ್ಲ, 1901ರದ್ದು ಎಂದೂ ಸೇರಿಸಿದೆವು.

ಕೊನೆಗೆ ಸುತ್ತು ಹಾಕಿದ ಪದಗಳು. ಶಿವನಸಮುದ್ರ ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ ಎಂದು ಶಾಲೆಯಿಂದಲೂ ಕೇಳಿದ್ದೇ, ನಾನೂ ನಂಬಿದ್ದೆ. ಇಂಥ ಮಾತನ್ನು ಪರೀಕ್ಷಿಸುವಾಗ ಅದನ್ನು ಸಮರ್ಥಿಸುವ ಸಾಕ್ಷಿ ಹುಡುಕಬಾರದು, ಕೆಡಿಸುವ ಒಂದೇ ಒಂದು ಉದಾಹರಣೆ ಹುಡುಕಬೇಕು. ಡಾರ್ಜಿಲಿಂಗ್‌ನ ಸಿದ್ರಾಪಾಂಗ್ 1897ರಲ್ಲೇ ಶುರುವಾಗಿತ್ತು. ಜಪಾನಿನ ಕ್ಯೋಟೋದಲ್ಲಿ 1891ಕ್ಕೇ ಇತ್ತು. ತಂತಿಯ ಉದ್ದದಲ್ಲಿ ಜಗತ್ತಿಗೇ ಮೊದಲು ಎಂಬುದೂ ನಿಲ್ಲಲಿಲ್ಲ: ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ 142 ಮೈಲಿ ಎಳೆದಿದ್ದರು. ಲೇಖಕರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ‘ಮೊದಲ ಕೆಲವುಗಳಲ್ಲಿ ಒಂದು’ ಅಂತ ಮಾಡಮ್ಮಾ” ಎಂದರು.

ಎಲ್ಲ ಮುಗಿಯಿತು ಎಂದುಕೊಂಡೆ. ಪುಸ್ತಕ ಬಂದ ದಿನ ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ‘ಏಷ್ಯಾದ ಮೊದಲ’! ಬೆನ್ನುಡಿಯನ್ನು ಪ್ರಕಾಶಕರು ಕೊನೆಗೆ ಬರೆಸಿದ್ದರು, ನನ್ನ ಕೈಗೆ ಬಂದೇ ಇರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಶೀಟಿನ ಮೊದಲ ಸಾಲಿನಲ್ಲೇ ಬರೆದಿಟ್ಟುಕೊಂಡಿದ್ದೇನೆ: ಬೆನ್ನುಡಿ, ಮುನ್ನುಡಿ, ಚಿತ್ರಗಳ ಅಡಿಬರಹ.