ಬೆಂಗಳೂರಿನ ತಾರಸಿ ತೋಟ: ಯಾವ ತಿಂಗಳು ಏನು ಬಿತ್ತಬೇಕು

ಬೀಜದ ಪೊಟ್ಟಣದ ಮೇಲೆ "ವರ್ಷವಿಡೀ ಬಿತ್ತಬಹುದು" ಅಂತ ಬರೆದಿರುತ್ತದೆ. ಅದನ್ನು ನಂಬಬೇಡಿ. ನೆಲದ ತೋಟದಲ್ಲಿ ಬೇರು ಆಳಕ್ಕಿಳಿದು ತಂಪು ಹುಡುಕಿಕೊಳ್ಳುತ್ತದೆ. ತಾರಸಿಯ ಚೀಲದಲ್ಲಿ ಇರುವುದೇ ಒಂದಡಿ ಮಣ್ಣು. ಕೆಳಗೆ ಕಾದ ಕಾಂಕ್ರೀಟು, ಮೇಲೆ ಬಿಸಿಲು ಅಥವಾ ಜಡಿಮಳೆ. ಹಾಗಾಗಿ ಇಲ್ಲಿ ಗೊಬ್ಬರಕ್ಕಿಂತ ತಾರೀಖು ಮುಖ್ಯ.

ನಮ್ಮ ವರ್ಷ ಶುರುವಾಗುವುದು ಮೃಗಶಿರ ಮಳೆಯಿಂದ, ಅಂದರೆ ಜೂನ್ 8ರ ಸುಮಾರಿಗೆ. ಆಗ ಬೆಂಡೆ, ಹೀರೆ, ಹುರುಳಿಕಾಯಿ ಬೀಜಗಳನ್ನು ನೇರವಾಗಿ ಚೀಲಕ್ಕೇ ಹಾಕಿ. ಬದನೆ, ಮೆಣಸಿನಕಾಯಿಯನ್ನು ಮಾತ್ರ ಬೇರೆ ಟ್ರೇಯಲ್ಲಿ ಸಸಿ ಮಾಡಿಕೊಳ್ಳಿ. ಹುರುಳಿಕಾಯಿ ಐವತ್ತು ಅರವತ್ತು ದಿನದಲ್ಲಿ ಕೈಗೆ ಬರುತ್ತದೆ. ಬೆಂಡೆಯೂ ಹೆಚ್ಚುಕಮ್ಮಿ ಅಷ್ಟರಲ್ಲೇ ಬರುತ್ತದೆ. ಬೆಂಡೆ ಬಿಡಲು ಶುರುವಾದ ಮೇಲೆ ದಿನ ಬಿಟ್ಟು ದಿನ ಕೀಳಬೇಕು. ಎರಡು ಕಾಯಿ ಬಲಿತು ನಾರಾದರೆ ಗಿಡ ಹೊಸ ಹೂ ಬಿಡುವುದನ್ನೇ ಕಡಿಮೆ ಮಾಡಿಬಿಡುತ್ತದೆ.

ಇನ್ನು ಅವರೆ. ಸೊಗಡಿನ ನಾಟಿ ಅವರೆಯನ್ನು ಜುಲೈನಲ್ಲಿ ಹಾಕಿ. ಹಗಲು ಚಿಕ್ಕದಾಗದೆ ಅದು ಹೂ ಬಿಡುವುದಿಲ್ಲ. ಫೆಬ್ರವರಿಯಲ್ಲಿ ಬಿತ್ತಿದರೆ ಬೇಸಿಗೆಯಿಡೀ ಸುಮ್ನೆ ಬಳ್ಳಿ ಹಬ್ಬುತ್ತದೆ, ಕಾಯಿ ಇಲ್ಲ. ಜುಲೈನಲ್ಲಿ ಹಾಕಿದರೆ ಅಕ್ಟೋಬರ್ ಕೊನೆಗೆ ಹೂವು, ಡಿಸೆಂಬರ್ ಜನವರಿಯಲ್ಲಿ ಕಾಯಿ. ಯಾವ ಕಾಲದಲ್ಲಾದರೂ ಬೇಕು ಅನ್ನುವವರಿಗೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಎಚ್‌ಎ-4 ತಳಿ ಇದೆ. ಅದು ಹಗಲಿನ ಲೆಕ್ಕ ನೋಡುವುದಿಲ್ಲ. ಅವರೆಗೆ ಗೊಬ್ಬರ ಜಾಸ್ತಿ ಸುರಿಯಬೇಡಿ. ಎಲೆ ಸೊಂಪಾಗಿ ಬೆಳೆದು ಹೂ ಹಿಂದೆ ಬೀಳುತ್ತದೆ. ಚಳಿಗಾಲದಲ್ಲಿ ಕುಡಿಗೆ ಕಪ್ಪು ಹೇನು ಮುತ್ತಿದರೆ ಜೋರಾಗಿ ನೀರು ಚಿಮ್ಮಿಸಿ ತೊಳೆಯಿರಿ. ಗಿಡದ ಮೇಲೆ ಇರುವೆ ಓಡಾಡುವುದು ಕಂಡರೆ ಹೇನು ಬಂದಿದೆ ಅಂತಲೇ ಲೆಕ್ಕ.

ಟೊಮೆಟೊಗೆ ಸ್ವಲ್ಪ ತಾಳ್ಮೆ ಬೇಕು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ಆಗ ಎಳೆ ಗಿಡ ಬಯಲಲ್ಲಿದ್ದರೆ ಎಲೆ ಕಪ್ಪಾಗಿ ಕೊಳೆಯುತ್ತದೆ. ಅದಕ್ಕೇ ಸೆಪ್ಟೆಂಬರ್ 20ರ ಹೊತ್ತಿಗೆ ಸಜ್ಜಾದ ಕೆಳಗೆ, ಮಳೆ ಬೀಳದ ಕಡೆ ಬೀಜ ಹಾಕಿ. ಅಕ್ಟೋಬರ್ 20ರ ನಂತರ, ಸಸಿಗೆ ನಾಲ್ಕೈದು ಎಲೆ ಬಂದಾಗ ಚೀಲಕ್ಕೆ ನೆಡಿ. ಚೀಲಕ್ಕೆ ಒಂದೇ ಗಿಡ. ಹದಿನೈದು ಇಂಚು ಅಗಲ, ಅಷ್ಟೇ ಆಳ ಇರಲಿ. ಸಂಜೆ ನೆಟ್ಟರೆ ಸಸಿ ಬಾಡುವುದಿಲ್ಲ.

ನೆಟ್ಟು ಇಪ್ಪತ್ತು ದಿನಕ್ಕೆ ಮೊದಲ ಗೊಬ್ಬರ. ನೂರು ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿಡಿ. ಅದನ್ನು ಸೋಸಿ, ಹತ್ತು ಪಟ್ಟು ನೀರು ಬೆರೆಸಿ, ಗಿಡಕ್ಕೆ ಒಂದು ಚೊಂಬು ಹಾಕಿ. ಒಣಗಿದ ಮಣ್ಣಿಗೆ ಹಾಕಬೇಡಿ, ಬೇರು ಸುಡುತ್ತದೆ. ಮೊದಲು ನೀರು, ಆಮೇಲೆ ಗೊಬ್ಬರ. ಹೂ ಕಂಡ ಮೇಲೆ ಹಿಂಡಿ ನೀರು ನಿಲ್ಲಿಸಿ, ಒಂದು ಹಿಡಿ ಎರೆಗೊಬ್ಬರವನ್ನು ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಕೊಡಿ. ಜನವರಿಯಿಂದ ಹಣ್ಣು ಸಿಗುತ್ತದೆ. ಹಣ್ಣಿನ ತಳ ಕಪ್ಪಾಗಿ ಗುಳಿ ಬಿದ್ದರೆ ಎಲ್ಲರೂ ಹುಳ ಅಂದುಕೊಂಡು ಔಷಧಿ ಹುಡುಕುತ್ತಾರೆ. ಹಾಗಲ್ಲ. ಒಂದು ದಿನ ಒಣಗಿಸಿ, ಮರುದಿನ ತೊಯ್ಯಿಸಿ ಹೀಗೆ ಏರುಪೇರಾಗಿ ನೀರು ಕೊಟ್ಟರೆ ಸುಣ್ಣದ ಅಂಶ ಹಣ್ಣಿನವರೆಗೆ ತಲುಪುವುದಿಲ್ಲ. ದಿನವೂ ಒಂದೇ ಹದದಲ್ಲಿ ನೀರು ಕೊಡಿ, ಮುಂದಿನ ಹಣ್ಣು ಚೆನ್ನಾಗಿ ಬರುತ್ತದೆ.

ನೀರಿಗೆ ಗಡಿಯಾರ ನೋಡಬೇಡಿ, ಬೆರಳು ನೋಡಿ. ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿದಾಗ ತೇವ ತಾಗದಿದ್ದರೆ ನೀರು ಬೇಕು. ಮಳೆಗಾಲದಲ್ಲಿ ಎಷ್ಟೋ ದಿನ ಬೇಕಾಗುವುದೇ ಇಲ್ಲ. ಆಗ ಚೀಲದ ತಳದ ತೂತು ಮುಚ್ಚಿಕೊಂಡಿಲ್ಲವೇ ಅಂತ ನೋಡುವುದೇ ಕೆಲಸ. ನೀರು ನಿಂತ ಗಿಡ ಮಣ್ಣು ಹಸಿಯಿದ್ದರೂ ಬಾಡುತ್ತದೆ. ಅದನ್ನು ಕಂಡು ಇನ್ನಷ್ಟು ನೀರು ಹೊಯ್ದರೆ ಗಿಡ ಹೋಯಿತು ಅನ್ನಿ.

ನವೆಂಬರಿನಲ್ಲಿ ಮೂಲಂಗಿ, ಕ್ಯಾರೆಟ್, ಪಾಲಕ್, ಮೆಂತ್ಯ, ಕೊತ್ತಂಬರಿ ಬಿತ್ತಿ. ಕ್ಯಾರೆಟ್, ಮೂಲಂಗಿ ಸಸಿ ಕಿತ್ತು ನೆಟ್ಟರೆ ಗೆಡ್ಡೆ ಕವಲೊಡೆಯುತ್ತದೆ. ಬಿತ್ತಿದಲ್ಲೇ ಬೆಳೆಯಲಿ. ಮೆಂತ್ಯ ಇಪ್ಪತ್ತೈದು ದಿನಕ್ಕೇ ಸಾರಿಗೆ ಸಿಗುತ್ತದೆ. ಮಾರ್ಚ್ ಬಂದರೆ ಕೊತ್ತಂಬರಿ ಬೇಗ ಹೂ ಬಿಡುತ್ತದೆ, ಆಗ ಬಿತ್ತಬೇಡಿ. ಆ ಜಾಗಕ್ಕೆ ದಂಟು, ಹರಿವೆ ಸರಿ.

ಸೌತೆ, ಹೀರೆಯನ್ನು ಶಿವರಾತ್ರಿ ಹೊತ್ತಿಗೆ ಹಾಕಿ. ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಬೇಕಾಗಬಹುದು. ಮಣ್ಣಿನ ಮೇಲೆ ಒಣ ಎಲೆ ಅಥವಾ ತೆಂಗಿನ ನಾರು ಹೊದಿಸಿ. ಚೀಲದಡಿ ಎರಡು ಇಟ್ಟಿಗೆ ಇಟ್ಟರೆ ಕಾಂಕ್ರೀಟಿನ ಕಾವು ಬೇರಿಗೆ ತಟ್ಟುವುದಿಲ್ಲ.

ಮೇ ತಿಂಗಳಲ್ಲಿ ಮುಗಿದ ಗಿಡಗಳನ್ನು ಕಿತ್ತು, ಹಳೇ ಮಣ್ಣನ್ನು ಟಾರ್ಪಾಲಿನ ಮೇಲೆ ಹರಡಿ ವಾರವಿಡೀ ಒಣಗಿಸಿ. ಮೂರು ಪಾಲು ಮಣ್ಣಿಗೆ ಒಂದು ಪಾಲು ಕೊಳೆತ ಸಗಣಿ ಗೊಬ್ಬರ, ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ, ತುಸು ತೇವ ಮಾಡಿ ಹದಿನೈದು ದಿನ ಮುಚ್ಚಿಡಿ. ಟೊಮೆಟೊ ಬೆಳೆದ ಮಣ್ಣಿಗೆ ಮತ್ತೆ ಬದನೆ, ಮೆಣಸಿನಕಾಯಿ ಹಾಕಬೇಡಿ, ರೋಗ ಒಂದೇ ಮನೆತನದ್ದು. ಅಲ್ಲಿ ಅವರೆ ಅಥವಾ ಹುರುಳಿಕಾಯಿ ಹಾಕಿ.