ಸೋತ ಸ್ಕೋರ್ ಶೀಟಿನಿಂದ ಕಟ್ಟಿದ ಮಾತು: ಒಬ್ಬ ಕಬಡ್ಡಿ ಕ್ಯಾಪ್ಟನ್‌ನ ಅನುಭವ

ಜಮಖಂಡಿಯಲ್ಲಿ ನಡೆದ ಅಂತರ ಕಾಲೇಜು ಪಂದ್ಯಕ್ಕೆ ಮೊದಲು ನಾನು ನಮ್ಮ ಹುಡುಗರಿಗೆ ಆಡಿದ ಮಾತು ಮೂರು ನಿಮಿಷವೂ ಹಿಡಿಯಲಿಲ್ಲ. ಅದರಲ್ಲಿ ‘ಗೆಲ್ಲುತ್ತೇವೆ’ ಎಂಬ ಶಬ್ದವೇ ಇರಲಿಲ್ಲ. ‘ಮೊದಲ ಹತ್ತು ನಿಮಿಷ ನಾವು ಹಿಂದೆ ಇರುತ್ತೇವೆ’ ಎಂದೇ ಶುರು ಮಾಡಿದ್ದೆ. ನಮ್ಮ ದೈಹಿಕ ಶಿಕ್ಷಣದ ಸರ್ ಹಿಂದಿನ ದಿನವೇ ಇದಕ್ಕೆ ಬೇಡ ಎಂದಿದ್ದರು. ಕ್ಯಾಪ್ಟನ್ನೇ ಹೀಗೆ ಬಾಯಿಬಿಟ್ಟು ಹೇಳಿದರೆ ಹುಡುಗರು ಅಂಕಣಕ್ಕೆ ಇಳಿಯುವ ಮೊದಲೇ ಕೈಚೆಲ್ಲುತ್ತಾರೆ ಎಂಬುದು ಅವರ ಆತಂಕ. ಹಳೆಯ ಆಟಗಾರರಿಬ್ಬರು ನಕ್ಕೇಬಿಟ್ಟರು. ಈಗ ಅವರೇ ಫೋನ್ ಮಾಡಿ ಆ ಮಾತನ್ನು ಹೇಗೆ ಕಟ್ಟಿದೆ ಎಂದು ಕೇಳುತ್ತಿರುವುದರಿಂದ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ತಂಡದ ಸ್ಥಿತಿ ಹೇಗಿತ್ತೆಂದರೆ, ಇದೇ ಎದುರಾಳಿಗೆ ನಾವು ಕೆಲವು ವಾರಗಳ ಹಿಂದೆ 38–17ರಿಂದ ಸೋತಿದ್ದೆವು. ಆ ಮೇಲೆ ಅಭ್ಯಾಸಕ್ಕೆ ಬರುವವರೇ ಕಡಿಮೆಯಾದರು. ಬಂದವರೂ ‘ಅವರಿಗೆ ಮ್ಯಾಟ್ ಇದೆ, ನಮಗೆ ಮಣ್ಣು’ ಎಂದು ಅದೇ ರಾಗ ಎಳೆಯುತ್ತಿದ್ದರು. ಎಡ ತುದಿಯಲ್ಲಿ ನಿಲ್ಲುವ ನಮ್ಮ ಎಡ ಕಾರ್ನರ್ ಹುಡುಗನಂತೂ ಆ ಪಂದ್ಯದ ನಂತರ ಕಾಲಿಗೆ ಪಟ್ಟು ಹಾಕುವುದನ್ನೇ ಬಿಟ್ಟಿದ್ದ. ರೈಡರ್ ಎದುರಿಗೆ ಬಂದರೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದ. ಕಾರ್ನರ್ ಹೀಗೆ ಸರಿದರೆ ಅವನ ಒಳಬದಿಗೆ ಕವರ್‌ನಲ್ಲಿ ಇರುವವನ ಧೈರ್ಯವೂ ಹೋಗುತ್ತದೆ ಎಂಬುದು ಆಡಿದವರಿಗೆಲ್ಲ ಗೊತ್ತು.

ಹುರುಪು ತುಂಬಲು ಆಗ ಮಾಡದ ಪ್ರಯತ್ನವಿಲ್ಲ. ತಲೆಗೆ ಇನ್ನೂರು ರೂಪಾಯಿಯಂತೆ ಕೂಡಿಸಿ, ಸುಮಾರು ಎರಡೂವರೆ ಸಾವಿರ ಕೊಟ್ಟು, ಒಬ್ಬ ಭಾಷಣಕಾರರನ್ನು ಕರೆಸಿದೆವು. ಅವರು ಒಂದು ತಾಸು ಚೆನ್ನಾಗಿಯೇ ಮಾತನಾಡಿದರು. ಹುಡುಗರು ಚಪ್ಪಾಳೆ ತಟ್ಟಿದರು. ಮರುದಿನ ಅಭ್ಯಾಸದಲ್ಲಿ ಎಡ ಕಾರ್ನರ್ ಮತ್ತೆ ಎರಡು ಹೆಜ್ಜೆ ಹಿಂದೆ. ಆಮೇಲೆ ಹೊಸ ಟೀ ಶರ್ಟ್ ಹೊಲಿಸಿದೆವು. ಅದಕ್ಕೆ ನಾಲ್ಕು ಸಾವಿರದ ಮೇಲೆ ಹೋಯಿತು, ಸ್ವಲ್ಪ ಸಾಲವೂ ಆಯಿತು. ಹುಡುಗರನ್ನು ಕೂರಿಸಿ ಟಿವಿಯಲ್ಲಿ ದೊಡ್ಡ ಲೀಗಿನ ಪಂದ್ಯಗಳನ್ನು ತೋರಿಸಿದ್ದು ಇನ್ನೂ ಕೆಟ್ಟ ಪರಿಣಾಮ ಮಾಡಿತು. ಅದನ್ನು ನೋಡಿ ‘ನಾವು ಎಲ್ಲಿ, ಅವರು ಎಲ್ಲಿ’ ಎಂದು ಇನ್ನಷ್ಟು ಕುಗ್ಗಿದರು.

ಇದೆಲ್ಲ ಏಕೆ ತಾಗುತ್ತಿಲ್ಲ ಎಂಬುದು ನನಗೆ ಹೊಳೆದದ್ದು ಸ್ಕೋರ್ ಶೀಟ್ ಹಿಡಿದು ಕುಳಿತಾಗ. ಹುಡುಗರ ತಲೆಯಲ್ಲಿ ‘21 ಅಂಕದ ಅಂತರ’ ಎಂಬ ಒಂದೇ ಲೆಕ್ಕ ಕುಳಿತಿತ್ತು. ಅದನ್ನು ಯಾರೂ ಒಡೆದು ನೋಡಿರಲಿಲ್ಲ. ಒಡೆಯದೆ ಅದರ ಮೇಲೆ ಎಷ್ಟು ಧೈರ್ಯದ ಮಾತು ಸುರಿದರೂ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ.

ಒಡೆದು ನೋಡಿದ್ದು ಹೀಗೆ. ಅವರ 38ರಲ್ಲಿ ಟಚ್ ಅಂಕ 18, ನಮ್ಮ ರೈಡರ್‌ಗಳನ್ನು ಹಿಡಿದದ್ದು 9, ಬೋನಸ್ 7, ನಮ್ಮ ಇಡೀ ತಂಡ ಔಟಾಗಿ ಬಿದ್ದ ಎರಡು ಲೋನಾದಿಂದ 4. ಟಚ್ ಹೇಗೆ ಹೋಯಿತು ಎಂಬುದು ಶೀಟಿನಲ್ಲಿ ಇರುವುದಿಲ್ಲ. ಅದಕ್ಕೆ ಗೆಳೆಯನೊಬ್ಬ ಮೊಬೈಲ್‌ನಲ್ಲಿ ತೆಗೆದಿದ್ದ ವಿಡಿಯೊವನ್ನು ಶೀಟಿನ ಜೊತೆ ಇಟ್ಟುಕೊಂಡು ರೈಡ್ ರೈಡ್‌ಗೂ ನಿಲ್ಲಿಸಿ ನೋಡಿದೆ. ಆ 18ರಲ್ಲಿ ಸುಮಾರು 11 ಅಂಕ ಅವರ ರೈಡರ್ ಚಾಕಚಕ್ಯತೆಯಿಂದ ಮುಟ್ಟಿ ತೆಗೆದದ್ದಲ್ಲ. ರೈಡರ್ ದಾಟಲೇಬೇಕಾದ ಬಾಕ್ ಲೈನನ್ನು ಅವನಿನ್ನೂ ದಾಟುವ ಮೊದಲೇ ನಮ್ಮವನೊಬ್ಬ ಒಂಟಿಯಾಗಿ ಮುನ್ನುಗ್ಗಿ ಕೈ ಹಾಕಿದ್ದಾನೆ, ಜೊತೆಗಾರ ಬರುವಷ್ಟರಲ್ಲಿ ರೈಡರ್ ಜಾರಿಸಿಕೊಂಡು ಮಧ್ಯರೇಖೆ ಮುಟ್ಟಿದ್ದಾನೆ. ಬಾಕ್ ಲೈನ್ ಮಧ್ಯರೇಖೆಯಿಂದ 3.75 ಮೀಟರ್ ದೂರ. ಅಷ್ಟರೊಳಗೆ ಹಿಡಿದರೆ ಅವನು ಕೈಚಾಚಿ ಬಿದ್ದರೂ ಸಾಕು, ಗೆರೆ ಸಿಗುತ್ತದೆ. ಈ 11 ನಾವೇ ಕೈಯಾರೆ ಕೊಟ್ಟದ್ದು. ಎರಡು ಲೋನಾಗಳೂ ಇದರ ಹಿಂದೆಯೇ ಬಂದಿದ್ದವು. ಇವೆರಡನ್ನೂ ತೆಗೆದರೆ ಅವರ ಅಂಕ 23ಕ್ಕೆ ಇಳಿಯುತ್ತದೆ. ನಮ್ಮದು 17. ನಿಜವಾದ ಅಂತರ ಆರು.

ಈ ಲೆಕ್ಕವನ್ನು ಪಂದ್ಯದ ಹಿಂದಿನ ಸಂಜೆ ಹುಡುಗರ ಮುಂದಿಟ್ಟೆ. ಇದು ಮುಖ್ಯ. ಲೆಕ್ಕ, ತಪ್ಪು, ಯಾರಿಂದ ಆಯಿತು ಎಂಬುದೆಲ್ಲ ಹಿಂದಿನ ದಿನಕ್ಕೆ ಸೇರಿದ್ದು. ಪಂದ್ಯದ ಬಾಯಲ್ಲಿ ಅದನ್ನು ಎತ್ತಿದರೆ ಹುಡುಗರು ತಮ್ಮ ತಪ್ಪನ್ನು ನೆನೆಯುತ್ತಲೇ ಅಂಕಣಕ್ಕೆ ಇಳಿಯುತ್ತಾರೆ. ಸಂಜೆ ಎಲ್ಲರನ್ನೂ ಮೈದಾನದಲ್ಲಿ ಗುಂಡಾಗಿ ಕೂರಿಸಿ, ಶೀಟಿನ ಜೆರಾಕ್ಸ್ ಒಬ್ಬೊಬ್ಬರಿಗೂ ಕೊಟ್ಟೆ. 11ರ ಲೆಕ್ಕವನ್ನು ನಾನು ಹೇಳಲಿಲ್ಲ, ವಿಡಿಯೊ ನೋಡಿ ಅವರೇ ಎಣಿಸಿದರು. ಯಾರ ಹೆಸರನ್ನೂ ಎತ್ತಲು ಬಿಡಲಿಲ್ಲ. ‘ಹಾಗಾದರೆ ಆರೇ ಅಂಕವೇನಣ್ಣ?’ ಎಂದು ಮೊದಲು ಕೇಳಿದವನು ಆ ಎಡ ಕಾರ್ನರ್ ಹುಡುಗ.

ಮಧ್ಯೆ ಇನ್ನೊಂದು ಪರೀಕ್ಷೆಯ ಮಾತು ಹೇಳಿಬಿಡುತ್ತೇನೆ. ಪಂದ್ಯಕ್ಕೆ ಮೊದಲು ತಂಡವೆಲ್ಲ ಕೈಗೆ ಕೈ ಸೇರಿಸಿ ಗಂಟಲು ಹರಿಯುವಂತೆ ಜಯಕಾರ ಕೂಗುವ ರೂಢಿ ನಮ್ಮಲ್ಲೂ ಇತ್ತು. ಅದರಿಂದ ಉಸಿರಿಗೆ ಏನಾಗುತ್ತದೆ ಎಂದು ಅಭ್ಯಾಸದಲ್ಲಿ ನಮ್ಮ ಮೂವರು ರೈಡರ್‌ಗಳ ಮೇಲೆ ನೋಡಿದೆ. ಸುಮ್ಮನೆ ಕುಳಿತು ಎದ್ದವರು 30 ಸೆಕೆಂಡಿನ ರೈಡ್ ಪೂರ್ತಿ ‘ಕಬಡ್ಡಿ’ ಎಂದು ಒಂದೇ ದನಿಯಲ್ಲಿ ಎಳೆಯುತ್ತಿದ್ದರು. ಎರಡು ನಿಮಿಷ ಕೂಗಿ, ಕುಣಿದು ಇಳಿದವರ ದನಿ 22–23 ಸೆಕೆಂಡಿಗೆಲ್ಲ ಒಡೆಯುತ್ತಿತ್ತು. ದನಿ ಒಡೆದರೆ ನಿರ್ಣಾಯಕರು ಬಿಡುವುದಿಲ್ಲ. ಅಂದಿನಿಂದ ನಮ್ಮಲ್ಲಿ ಜಯಕಾರ ಪಂದ್ಯ ಮುಗಿದ ಮೇಲೆ ಮಾತ್ರ. ಪ್ರೇಕ್ಷಕರಿಗೆ ನಾವು ಮಂಕಾಗಿ ಕಾಣುತ್ತೇವೆ. ಕಾಣಲಿ.

ಮರುದಿನ ಬೆಳಿಗ್ಗೆ ವಿಜಯಪುರದಿಂದ ಬಸ್ ಹಿಡಿದೆವು. ಚಿಕ್ಕಪಡಸಲಗಿಯಲ್ಲಿ ಕೃಷ್ಣೆ ದಾಟುವವರೆಗೆ ಪಂದ್ಯದ ಮಾತು ಆಡಬಾರದು ಎಂದು ಹೇಳಿದ್ದೆ. ದಾಟಿದ ಮೇಲೆ ಒಬ್ಬೊಬ್ಬರ ಪಕ್ಕ ಕುಳಿತು ಒಂದೊಂದು ಚೀಟಿ ಕೊಟ್ಟೆ. ಚೀಟಿಯಲ್ಲಿ ಒಂದೇ ವಾಕ್ಯ, ಅದೂ ‘ಹೀಗಾದರೆ ಹೀಗೆ ಮಾಡು’ ಎಂಬ ರೂಪದಲ್ಲಿ. ಎಡ ಕಾರ್ನರ್‌ಗೆ: ‘ರೈಡರ್‌ನ ಹಿಂದಿನ ಕಾಲು ಬಾಕ್ ಲೈನ್ ದಾಟಿದರೆ ಮಾತ್ರ ಪಟ್ಟು, ಬೋನಸ್ ಹೋದರೆ ಹೋಗಲಿ.’ ಬಲ ಕವರ್‌ಗೆ: ‘ಕಾರ್ನರ್ ಕಾಲು ಹಿಡಿದರೆ ನೀನು ಸೊಂಟಕ್ಕೆ, ಅವನು ಹಿಡಿಯದೆ ನೀನು ಮುಂದೆ ಹೋಗಬೇಡ.’ ಎರಡನೆಯ ರೈಡರ್‌ಗೆ: ‘ಲೋನಾ ಆದರೆ ಮುಂದಿನ ರೈಡ್ ನಿನ್ನದು, ಬಾಕ್ ಲೈನ್ ದಾಟಿ ಖಾಲಿ ಬಾ.’ ಮುಖ್ಯ ರೈಡರ್‌ನ ಚೀಟಿಯಲ್ಲಿ ಏನಿತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವನು ಇನ್ನೂ ಆಡುತ್ತಿದ್ದಾನೆ. ಹುಡುಗರು ಕೈಕೈ ಹಿಡಿದು ಚೈನ್ ಕಟ್ಟುವ ಮೊದಲು ನಾನು ಕೊಡುವ ಸನ್ನೆಯೂ ನಮ್ಮಲ್ಲೇ ಇರಲಿ.

ಅಂಕಣದ ಪಕ್ಕದ ಮಾತು ಬೆವರು ಬರುವಷ್ಟು ಮೈ ಕಾಯಿಸಿದ ಮೇಲೆ, ನಿಂತುಕೊಂಡೇ ನಡೆಯಿತು. ಕುಳಿತರೆ ಮೈ ತಣ್ಣಗಾಗುತ್ತದೆ. ನೆನಪಿದ್ದಷ್ಟು ಅದನ್ನು ಹಾಗೆಯೇ ಕೊಡುತ್ತೇನೆ: ‘ಮೊದಲ ಹತ್ತು ನಿಮಿಷ ನಾವು ನಾಲ್ಕೈದು ಅಂಕ ಹಿಂದೆ ಇರುತ್ತೇವೆ. ನಾವು ಮುಂದೆ ಹೋಗಿ ಹಿಡಿಯುವುದಿಲ್ಲವಲ್ಲ, ಅವರು ಬೋನಸ್ ತೆಗೆಯುತ್ತಾರೆ. ತೆಗೆಯಲಿ. ಒಂದು ಲೋನಾ ಕೂಡ ಆಗಬಹುದು. ಆದರೆ ಏಳೂ ಜನ ಒಳಗೆ ಬರುತ್ತೇವೆ, ನಮ್ಮ ಎರಡನೆಯ ರೈಡರ್ ಖಾಲಿ ರೈಡ್ ಮಾಡಿ ಬರುತ್ತಾನೆ, ನಾವು ಉಸಿರು ತೆಗೆದುಕೊಳ್ಳುತ್ತೇವೆ. ಅವರ ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಅವರ ರೈಡರ್ ತಾನಾಗಿಯೇ ಒಳಗೆ ಬರುತ್ತಾನೆ. ಆಗ ಹಿಡಿಯುವುದು. ನಿಮ್ಮ ಚೀಟಿಯಲ್ಲಿರುವುದನ್ನು ಪಕ್ಕದವನಿಗೆ ಒಮ್ಮೆ ಹೇಳಿ.’ ಏಳು ಜನ ಪಿಸುಗುಟ್ಟಿದರು. ಕೊನೆಯ ಮಾತು ನಾನಾಡಲಿಲ್ಲ, ಎಡ ಕಾರ್ನರ್ ಹುಡುಗನಿಗೆ ಬಿಟ್ಟೆ. ‘ನಾನು ಸರಿಯುವುದಿಲ್ಲ’ ಎಂದ. ಅಷ್ಟೇ.

ಹಿಂದೆ ಬೀಳುವುದನ್ನು ಮೊದಲೇ ಹೇಳಿದ್ದರ ಫಲ ಎಂಟನೆಯ ನಿಮಿಷದ ಹೊತ್ತಿಗೆ ಕಂಡಿತು. ಲೋನಾ ಬಿತ್ತು. ಹಿಂದಿನ ಪಂದ್ಯದಲ್ಲಿ ಮೊದಲ ಲೋನಾ ಆದ ಕೂಡಲೇ ನಮ್ಮವರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಮುಂದಿನ ಎರಡು ಮೂರು ರೈಡ್‌ಗಳಲ್ಲಿ ಸಿಟ್ಟಿಗೆ ಬಿದ್ದು ಒಂಟಿಯಾಗಿ ನುಗ್ಗಿ ಇನ್ನಷ್ಟು ಕಳೆದಿದ್ದರು. ಈ ಸಲ ಎರಡನೆಯ ರೈಡರ್ ನಾನು ಹೇಳುವ ಮೊದಲೇ ಹೊರಟು, ಹೆಚ್ಚು ಕಡಿಮೆ 25 ಸೆಕೆಂಡು ತಿಂದು, ಖಾಲಿ ಬಂದ. ಯಾರ ಮುಖದಲ್ಲೂ ಗಾಬರಿ ಇಲ್ಲ. ಹೇಳಿದ್ದೇ ನಡೆಯುತ್ತಿದೆ ಎಂಬ ಭಾವ. ಅರ್ಧ ಮುಗಿದಾಗ 15–11 ಅವರ ಕಡೆ ಇತ್ತು ಎಂದು ನೆನಪು. ಐದು ನಿಮಿಷದ ವಿರಾಮದಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ‘ಹಿಂದೆ ಇರುವುದು ನಾಲ್ಕು, ನಾನು ಹೇಳಿದ್ದು ಐದು’ ಎಂದೆ, ನೀರು ಕುಡಿಸಿದೆ.

ದ್ವಿತೀಯಾರ್ಧದಲ್ಲಿ ಅವರ ದೊಡ್ಡ ರೈಡರ್ ಮೂರನೆಯ ರೈಡ್‌ಗಳಲ್ಲಿ ಒಳಗೆ ಬರಲೇಬೇಕಾಯಿತು. ಎಡ ಕಾರ್ನರ್ ಅವನನ್ನು ಮೂರು ಬಾರಿ ಕಾಲು ಹಿಡಿದು ಕಟ್ಟಿಹಾಕಿದ. ಅದರಲ್ಲೊಂದು ನಾವು ಮೂವರೇ ಉಳಿದಿದ್ದಾಗ ಸಿಕ್ಕ ಸೂಪರ್ ಟ್ಯಾಕಲ್, ಎರಡು ಅಂಕ. 29–26ರಿಂದ ಗೆದ್ದೆವು. ಜೆರಾಕ್ಸ್, ಚೀಟಿಯ ಕಾಗದ ಎಲ್ಲ ಸೇರಿ ನನ್ನ ಖರ್ಚು ನಲವತ್ತು ರೂಪಾಯಿ ದಾಟಿರಲಿಲ್ಲ. ಸರ್ ಬಂದು ಆ ಸ್ಕೋರ್ ಶೀಟನ್ನು ಕೇಳಿ ಪಡೆದರು. ಈಗ ಅದು ಅವರ ಕೋಣೆಯ ಬೋರ್ಡಿನ ಮೇಲಿದೆ.

ಇದು ಎಲ್ಲ ಕಡೆ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಮುಂದಿನ ಸುತ್ತಿನ ತಂಡದ ಶೀಟನ್ನು ಹೀಗೆಯೇ ಒಡೆದು ನೋಡಿದೆ. ಅವರ ಟಚ್ ಅಂಕಗಳಲ್ಲಿ ಎದುರಾಳಿಗಳು ಕೈಯಾರೆ ಕೊಟ್ಟದ್ದು ಎರಡೋ ಮೂರೋ, ಉಳಿದದ್ದೆಲ್ಲ ಅವರ ರೈಡರ್‌ನ ಉದ್ದ ತೋಳಿನ ಸಂಪಾದನೆ. ಅಂಥಲ್ಲಿ ‘ನಿಜವಾದ ಅಂತರ ಸಣ್ಣದು’ ಎಂದರೆ ಸುಳ್ಳಾಗುತ್ತದೆ, ಹುಡುಗರಿಗೆ ಅದು ಮೊದಲ ಐದು ನಿಮಿಷದಲ್ಲೇ ತಿಳಿದುಬಿಡುತ್ತದೆ. ಹಾಗಾಗಿ ನಾನು ಅಂತರದ ಮಾತೇ ಎತ್ತದೆ ಚೀಟಿ ಮಾತ್ರ ಕೊಟ್ಟೆ. ಹದಿನಾಲ್ಕೋ ಹದಿನೈದೋ ಅಂಕದಿಂದ ಸೋತೆವು, ಆದರೆ ಕೊನೆಯ ರೈಡ್‌ವರೆಗೂ ಯಾರೂ ಒಂಟಿಯಾಗಿ ನುಗ್ಗಲಿಲ್ಲ.

ನಮ್ಮ ಖೋ-ಖೋ ತಂಡದ ಕ್ಯಾಪ್ಟನ್ ಈ ಚೀಟಿಯ ಕ್ರಮವನ್ನು ತನ್ನವರಿಗೆ ಹಚ್ಚಿ ನೋಡಿದ. ಒಬ್ಬೊಬ್ಬರಿಗೆ ಕೊಟ್ಟಾಗ ಗೊಂದಲವಾಯಿತು. ಅಲ್ಲಿ ಓಡುವವರು ಮೂವರ ತಂಡವಾಗಿ ಇಳಿಯುತ್ತಾರಲ್ಲ, ಒಬ್ಬನ ಚೀಟಿ ಇನ್ನೊಬ್ಬನ ದಾರಿಗೆ ಅಡ್ಡ ಬಂತು. ಮೂವರಿಗೂ ಸೇರಿ ಒಂದೇ ಚೀಟಿ ಕೊಟ್ಟ ಮೇಲೆ ಸರಿಹೋಯಿತು ಎನ್ನುತ್ತಾನೆ.

ಇದನ್ನು ಮಾಡುವವರು ಪಂದ್ಯ ಸೋತ ಕೂಡಲೇ, ಅಂಕಣ ಬಿಡುವ ಮೊದಲು, ಸ್ಕೋರರ್ ಬಳಿ ಹೋಗಿ ಶೀಟಿನ ಫೋಟೊ ತೆಗೆದುಕೊಳ್ಳಿ. ವಿಡಿಯೊ ತೆಗೆಯುವವನನ್ನು ಅಂಕಣದ ತುದಿಯಲ್ಲಿ ನಿಲ್ಲಿಸದೆ ಮಧ್ಯರೇಖೆಯ ನೇರಕ್ಕೆ, ಸ್ವಲ್ಪ ಎತ್ತರದಲ್ಲಿ ನಿಲ್ಲಿಸಿ. ತುದಿಯಿಂದ ತೆಗೆದರೆ ರೈಡರ್ ಬಾಕ್ ಲೈನ್ ದಾಟಿದ್ದನೋ ಇಲ್ಲವೋ ಕಾಣುವುದಿಲ್ಲ, ಅದು ಕಾಣದಿದ್ದರೆ ಯಾವ ಅಂಕ ಅವರು ಗಳಿಸಿದ್ದು, ಯಾವುದು ನಾವು ಕೊಟ್ಟದ್ದು ಎಂದು ಬೇರ್ಪಡಿಸಲು ಆಗುವುದಿಲ್ಲ.