ಸ್ಟ್ರೂಪ್ ಪ್ರಯೋಗದ ವರದಿ: ಯಾವ ವಾಕ್ಯ ಯಾವ ವಿಭಾಗಕ್ಕೆ

ನಮ್ಮ ಕಡೆ ಡಿಗ್ರಿಯಲ್ಲಿ ಸೈಕಾಲಜಿ ತಗೊಂಡವರಿಗೆ ಪ್ರಾಕ್ಟಿಕಲ್ ರೆಕಾರ್ಡ್ ಬುಕ್ ಹೊಸದಲ್ಲ. ಸಮಸ್ಯೆ, ಯೋಜನೆ, ಸಾಮಗ್ರಿ, ಸೂಚನೆ, ಮುನ್ನೆಚ್ಚರಿಕೆ, ಅಂತರಾವಲೋಕನ, ವೈಯಕ್ತಿಕ ಚರ್ಚೆ, ಗುಂಪು ಚರ್ಚೆ, ತೀರ್ಮಾನ ಅಂತ ಪುಟಕ್ಕೊಂದು ತಲೆಬರಹ. ಎಂ.ಎ.ಗೆ ಬಂದಾಗ ಪೀಠಿಕೆಯ ನಂತರ ಇವೆಲ್ಲ ಮೂರೇ ವಿಭಾಗಗಳಲ್ಲಿ ಕೂರಬೇಕು: ವಿಧಾನ, ಫಲಿತಾಂಶ, ಚರ್ಚೆ. ತಲೆಬರಹ ಕಡಿಮೆಯಾದಷ್ಟೂ ಗೊಂದಲ ಜಾಸ್ತಿ. ವಿಜಯಪುರದಲ್ಲಿ ನಾನು ಕನ್ನಡ ಪದಗಳಿಂದ ಮಾಡಿದ ಸ್ಟ್ರೂಪ್ ಪ್ರಯೋಗದ ವರದಿ ಬರೆಯುವಾಗ ಯಾವುದನ್ನು ಎಲ್ಲಿ ಇಟ್ಟೆ, ಯಾಕೆ ಇಟ್ಟೆ ಅನ್ನೋದನ್ನ ಇಲ್ಲಿ ಹೇಳುತ್ತೇನೆ.

ಪ್ರಯೋಗ ಸರಳ. ಒಂದು ಕಾರ್ಡಿನ ಮೇಲೆ ಬರೀ ಬಣ್ಣದ ಚೌಕಗಳು. ಇನ್ನೊಂದರ ಮೇಲೆ ಬಣ್ಣದ ಹೆಸರುಗಳು, ಆದರೆ ಶಾಯಿ ಬೇರೆ: ‘ಕೆಂಪು’ ಎಂಬ ಪದ ಹಸಿರಿನಲ್ಲಿ, ‘ನೀಲಿ’ ಹಳದಿಯಲ್ಲಿ. ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು. ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೂರು ಚೌಕಗಳ ಬಣ್ಣ ಹೇಳಲು ಸರಾಸರಿ 63.3 ಸೆಕೆಂಡ್ ಹಿಡಿದರೆ, ಹೊಂದದ ನೂರು ಪದಗಳ ಶಾಯಿ ಹೇಳಲು 110.3 ಸೆಕೆಂಡ್ ಹಿಡಿಯಿತು. ನಾನು ಕಾರ್ಡಿಗೆ 40 ಇಟ್ಟೆ, ಬಣ್ಣ ನಾಲ್ಕು.

ವಿಧಾನ ಬರೆಯುವಾಗ ನನ್ನದು ಒಂದೇ ಪರೀಕ್ಷೆ: ಇದನ್ನು ಓದಿದ ಮತ್ತೊಬ್ಬರು ನನ್ನನ್ನು ಏನೂ ಕೇಳದೆ ಇದೇ ಪ್ರಯೋಗ ಮಾಡಬಲ್ಲರೇ? ಅದಕ್ಕೇ ಕರಡನ್ನು ಬಾಗಲಕೋಟೆಯಲ್ಲಿರುವ ಗೆಳತಿಗೆ ವಾಟ್ಸಾಪ್ ಮಾಡಿದೆ. ಸಂಜೆ ಫೋನ್ ಬಂತು.

“ಅಲ್ಲಾ, ಸ್ಟಾಪ್‌ವಾಚ್ ಯಾವಾಗ ಒತ್ತೂದು? ಕಾರ್ಡ್ ತಿರುವಿದಾಗೋ, ಅಕಿ ಬಾಯಿ ತೆರೆದಾಗೋ? ಮತ್ತ ತಪ್ಪು ಹೇಳಿದ್ರ ಮುಂದ ಹೋಗೂದೋ, ತಿದ್ದೂದೋ?”

ಈ ಎರಡೂ ಪ್ರಶ್ನೆಗೆ ಉತ್ತರ ಪ್ರಯೋಗದಲ್ಲಿ ಇತ್ತು, ಕಾಗದದ ಮೇಲೆ ಇರಲಿಲ್ಲ. ತಿದ್ದಿಸಿದರೆ ಆ ತಿದ್ದುಪಡಿಯ ಸಮಯವೂ ಒಟ್ಟು ಸಮಯಕ್ಕೆ ಸೇರುತ್ತದೆ. ತಿದ್ದಿಸದಿದ್ದರೆ ಸೇರುವುದಿಲ್ಲ. ಅಂದರೆ ಈ ಒಂದು ವಾಕ್ಯ ಬಿಟ್ಟುಹೋದರೆ ಮುಂದೆ ಬರುವ ಸೆಕೆಂಡುಗಳಿಗೆ ಏನರ್ಥ ಎಂಬುದೇ ತಿಳಿಯದು. ನಾನು ಸೇರಿಸಿದ್ದು ಹೀಗೆ: “ಕಾರ್ಡ್ ತಿರುವಿದ ಕ್ಷಣದಿಂದ ಕೊನೆಯ ಬಣ್ಣ ಹೇಳಿ ಮುಗಿಸುವವರೆಗಿನ ಸಮಯವನ್ನು ಫೋನಿನ ಸ್ಟಾಪ್‌ವಾಚ್‌ನಲ್ಲಿ ಅಳೆಯಲಾಯಿತು. ತಪ್ಪು ಹೇಳಿದರೆ ತಿದ್ದಿ ಮುಂದುವರಿಯಲು ತಿಳಿಸಲಾಗಿತ್ತು. ತಪ್ಪುಗಳನ್ನು ಪ್ರತ್ಯೇಕವಾಗಿ ಎಣಿಸಲಾಯಿತು.” ಎಲ್ಲವೂ ಭೂತಕಾಲದಲ್ಲಿ. ರೆಕಾರ್ಡ್ ಬುಕ್ಕಿನ ರೂಢಿಯಲ್ಲಿ “ಕಾರ್ಡನ್ನು ತಿರುವಬೇಕು” ಅಂತ ಬರೆದರೆ ಅದು ಅಡುಗೆ ವಿಧಾನವಾಗುತ್ತದೆ. ವರದಿ ಅಂದರೆ ನಡೆದದ್ದರ ಲೆಕ್ಕ.

ಹಾಗಂತ ಎಲ್ಲವನ್ನೂ ತುಂಬಬೇಕಿಲ್ಲ. ಪೆನ್ನಿನ ಕಂಪನಿ, ಕೋಣೆಯ ಗೋಡೆಯ ಬಣ್ಣ ಯಾರಿಗೂ ಬೇಡ. ಕೋಣೆಯ ಬೆಳಕು ಬೇಕು, ಯಾಕೆಂದರೆ ಬಣ್ಣ ಗುರುತಿಸುವ ಕೆಲಸ ಅದರ ಮೇಲೆ ನಿಂತಿದೆ. ಇಶಿಹಾರ ಪ್ಲೇಟು ತೋರಿಸಿ ಕೆಂಪು-ಹಸಿರು ಬಣ್ಣಗುರುಡು ಇಲ್ಲವೆಂದು ನೋಡಿಕೊಂಡದ್ದೂ ಬೇಕು. ಹದಿನಾರು ಜನರಲ್ಲಿ ಎಂಟು ಮಂದಿಗೆ ಚೌಕದ ಕಾರ್ಡ್ ಮೊದಲು, ಎಂಟು ಮಂದಿಗೆ ಪದದ ಕಾರ್ಡ್ ಮೊದಲು ಕೊಟ್ಟದ್ದು ಕಡ್ಡಾಯವಾಗಿ ಬೇಕು. ಇಲ್ಲದಿದ್ದರೆ ಓದುವವರು “ಎರಡನೇ ಕಾರ್ಡಿಗೆ ದಣಿದಿರಬೇಕು, ಅದಕ್ಕೇ ತಡವಾಗಿದೆ” ಅಂದರೆ ನಮ್ಮ ಬಳಿ ಉತ್ತರವಿಲ್ಲ. ಒಬ್ಬರ ಸರದಿಯ ಮಧ್ಯೆ ಕರೆಂಟ್ ಹೋಯಿತು. ಅವರ ಡೇಟಾ ಕೈಬಿಟ್ಟು, ಅದೇ ಕ್ರಮದಲ್ಲಿ ಮತ್ತೊಬ್ಬರನ್ನು ಕೂರಿಸಿದೆ. ಇದನ್ನೂ ವಿಧಾನದಲ್ಲೇ, ‘ಭಾಗವಹಿಸಿದವರು’ ಎಂಬ ಉಪವಿಭಾಗದಲ್ಲಿ ಒಂದು ಸಾಲಿನಲ್ಲಿ ಬರೆದೆ.

ಫಲಿತಾಂಶ ಮೂರರಲ್ಲೂ ಚಿಕ್ಕದು. ಅದಕ್ಕೇ ಅನೇಕರು ಉದ್ದ ಮಾಡಲು ಹೋಗಿ ಕೆಡಿಸುತ್ತಾರೆ: ಹದಿನಾರು ಜನರ ಬಿಡಿ ಅಂಕಿಗಳ ಟೇಬಲ್, ಎಕ್ಸೆಲ್ಲಿನ ಸ್ಕ್ರೀನ್‌ಶಾಟ್, ಸೂತ್ರ ಬಿಡಿಸಿದ ಲೆಕ್ಕ. ಬಿಡಿ ಅಂಕಿಗಳು ಅನುಬಂಧಕ್ಕೆ ಹೋಗಲಿ. ಇಲ್ಲಿ ಬೇಕಾದ್ದು ಸರಾಸರಿ, ಅಂಕಿಗಳ ಹರಡುವಿಕೆ, ಮತ್ತು ಪರೀಕ್ಷೆಯ ಫಲ.

ಅದೇ ಹದಿನಾರು ಜನ ಎರಡೂ ಕಾರ್ಡ್ ಮಾಡಿದ್ದರಿಂದ ನನಗೆ ಬೇಕಿದ್ದದ್ದು ಜೋಡಿ ಟಿ-ಪರೀಕ್ಷೆ. ಎಕ್ಸೆಲ್‌ನಲ್ಲಿ ಹೀಗೆ:

```
=T.TEST(B2:B17,C2:C17,2,1)
```

ಕೊನೆಯ 1 ಅಂದರೆ ಜೋಡಿ. ಅಲ್ಲಿ 2 ಹಾಕಿದರೆ ಎರಡು ಬೇರೆ ಗುಂಪುಗಳೆಂದು ಎಕ್ಸೆಲ್ ತಿಳಿಯುತ್ತದೆ. ಈ ಸೂತ್ರ p ಬೆಲೆಯನ್ನಷ್ಟೇ ಕೊಡುತ್ತದೆ, t ಕೊಡುವುದಿಲ್ಲ. t ಬೇಕಾದರೆ ಪ್ರತಿಯೊಬ್ಬರ ವ್ಯತ್ಯಾಸದ ಕಾಲಂ ಮಾಡಿ, ಅದರ ಸರಾಸರಿಯನ್ನು ಅದರ ಮಾನಕ ದೋಷದಿಂದ ಭಾಗಿಸಬೇಕು. ನನ್ನ ಡೇಟಾದಲ್ಲಿ ವ್ಯತ್ಯಾಸದ ಸರಾಸರಿ 13.6 ಸೆಕೆಂಡ್, ಮಾನಕ ವಿಚಲನೆ 5.1. ಹದಿನಾರರ ವರ್ಗಮೂಲ 4, ಆದ್ದರಿಂದ ಮಾನಕ ದೋಷ 5.1 ÷ 4 = 1.275. 13.6 ಅನ್ನು ಇದರಿಂದ ಭಾಗಿಸಿದರೆ 10.67. ಈ ಲೆಕ್ಕವೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಉಳಿಯಿತು. ವರದಿಗೆ ಹೋದದ್ದು ಇಷ್ಟು:

“ಚೌಕದ ಕಾರ್ಡಿಗೆ ಸರಾಸರಿ 24.6 ಸೆಕೆಂಡ್ (ಮಾನಕ ವಿಚಲನೆ 3.9), ಹೊಂದದ ಪದಗಳ ಕಾರ್ಡಿಗೆ 38.2 ಸೆಕೆಂಡ್ (ಮಾನಕ ವಿಚಲನೆ 6.8) ಬೇಕಾಯಿತು. ವ್ಯತ್ಯಾಸ ಸಾಂಖ್ಯಿಕವಾಗಿ ಗಮನಾರ್ಹ, t(15) = 10.67, p < .001. ಚೌಕದ ಕಾರ್ಡಿನಲ್ಲಿ ಒಟ್ಟು 5, ಪದದ ಕಾರ್ಡಿನಲ್ಲಿ 29 ತಪ್ಪುಗಳಾದವು.”

ಕೆಲವು ಸಾಫ್ಟ್‌ವೇರ್ p ಜಾಗದಲ್ಲಿ .000 ತೋರಿಸುತ್ತವೆ. ಅದನ್ನು ಹಾಗೇ ನಕಲು ಮಾಡಬಾರದು. ಸಂಭವನೀಯತೆ ಸೊನ್ನೆ ಆಗಿಲ್ಲ, ಮೂರು ದಶಾಂಶ ಸ್ಥಾನಗಳಿಗೆ ಸರಿಹೊಂದಿಸಿ ತೋರಿಸುವುದರಿಂದ ಮುಂದಿನ ಅಂಕಿಗಳು ಕಾಣುತ್ತಿಲ್ಲ ಅಷ್ಟೆ. p < .001 ಎಂದು ಬರೆದರೆ ಸರಿ.

ವರದಿಗೆ ಹೋದ ಆ ಫಲಿತಾಂಶದ ಸಾಲುಗಳಲ್ಲಿ ‘ಏಕೆಂದರೆ’ ಎಂಬ ಪದ ಎಲ್ಲೂ ಇಲ್ಲ ಅನ್ನೋದನ್ನ ನೋಡಿ. ಈಗ ಬಿ.ಎ. ಮಕ್ಕಳ ಕರಡು ತಿದ್ದುವಾಗಲೂ ಫಲಿತಾಂಶದಲ್ಲಿ ನಾನು ಮೊದಲು ಹುಡುಕುವುದು ಅದನ್ನೇ. ಒಬ್ಬ ಹುಡುಗ ವಾದಕ್ಕೇ ನಿಂತ: “ಅಲ್ರೀ ಮೇಡಂ, ಓದೂದು ತಾನಾಗೇ ಆಗತೈತಿ, ಅದಕ್ಕ ತಡಾ ಆತು. ಇದೂ ಫಲಿತಾಂಶನ ಅಲ್ಲೇನ್ರೀ?” ಅಲ್ಲ. 38.2 ಎಂಬುದನ್ನು ನನ್ನ ಡೇಟಾ ಹಾಳೆ ನೋಡಿದ ಯಾರಾದರೂ ಒಪ್ಪಲೇಬೇಕು. ಓದುವುದು ತಾನಾಗೇ ಆಗುತ್ತದೆ ಎಂಬುದು ಆ ಹಾಳೆಯಲ್ಲಿ ಎಲ್ಲೂ ಬರೆದಿಲ್ಲ. ಅದು ಅಂಕಿಗೆ ನಾವು ಕೊಡುವ ವಿವರಣೆ, ಬೇರೆಯವರು ಬೇರೆ ವಿವರಣೆ ಕೊಡಬಹುದು. ವಾದಕ್ಕೆ ಎಡೆಯಿದ್ದರೆ ಅದರ ಜಾಗ ಚರ್ಚೆ.

ರೆಕಾರ್ಡ್ ಬುಕ್ಕಿನ ಅಂತರಾವಲೋಕನದ ಗತಿಯೂ ಇದೇ. “ಪದ ಬಾಯಿಗೆ ಬಂದುಬಿಡುತ್ತಿತ್ತು, ತಡೆಯಬೇಕಾಗುತ್ತಿತ್ತು” ಎಂದು ಹಲವರು ಹೇಳಿದರು ಎಂಬುದು ಫಲಿತಾಂಶ. ಆ ಮಾತಿನಿಂದ ನಾವು ಏನು ಊಹಿಸುತ್ತೇವೆ ಎಂಬುದು ಚರ್ಚೆ.

ಮೂರೂ ವಿಭಾಗಗಳ ಗಡಿ ನನಗೆ ಸರಿಯಾಗಿ ಕಂಡದ್ದು ಒಬ್ಬಳೇ ಹುಡುಗಿಯ ಅಂಕಿಯಿಂದ. ಎಲ್ಲರಿಗೂ ಹೆಚ್ಚುಕಮ್ಮಿ ದೊಡ್ಡ ವ್ಯತ್ಯಾಸ ಬಂದರೆ ಇವಳಿಗೆ ಬರೀ 3.2 ಸೆಕೆಂಡ್. ಮಾತಾಡಿಸಿದಾಗ ತಿಳಿದದ್ದು, ಹತ್ತನೇ ತರಗತಿವರೆಗೆ ಉರ್ದು ಮಾಧ್ಯಮ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವುದು ನಿಧಾನ. ವಿಜಯಪುರದಲ್ಲಿ ಉರ್ದು, ಬೆಳಗಾವಿಯಲ್ಲಿ ಮರಾಠಿ: ನಮ್ಮ ಭಾಗದಲ್ಲಿ ಪದಗಳ ಮೇಲೆ ಪ್ರಯೋಗ ಮಾಡುವವರಿಗೆಲ್ಲ ಇದು ಎದುರಾಗುತ್ತದೆ.

ಅವಳನ್ನು ತೆಗೆದುಹಾಕಿದರೆ ಸರಾಸರಿ ವ್ಯತ್ಯಾಸ 14.3ಕ್ಕೆ ಏರಿ ಫಲಿತಾಂಶ ಇನ್ನೂ ಅಂದವಾಗುತ್ತಿತ್ತು. ಆದರೆ ಕನ್ನಡ ಮಾಧ್ಯಮದವರೇ ಬೇಕೆಂಬ ನಿಯಮ ಪ್ರಯೋಗಕ್ಕೆ ಮೊದಲು ಇರಲಿಲ್ಲ. ಅಂಕಿ ನೋಡಿದ ಮೇಲೆ ನಿಯಮ ಹುಟ್ಟಿಸುವುದೆಂದರೆ ಬೇಕಾದ ಉತ್ತರ ಬರುವಂತೆ ಜನರನ್ನು ಆರಿಸಿದಂತೆ. ಕರೆಂಟ್ ಹೋದವರ ವಿಷಯ ಬೇರೆ. ಅವರನ್ನು ಬಿಟ್ಟದ್ದು ಅಂಕಿ ನೋಡಿ ಅಲ್ಲ, ಸರದಿಯೇ ಕೆಟ್ಟಿತ್ತು. ಹಾಗಾಗಿ ಇವಳು ಉಳಿದಳು, ಅವಳ ಸಂಗತಿ ಮೂರು ಕಡೆ ಹಂಚಿಹೋಯಿತು. ವಿಧಾನದಲ್ಲಿ: ಹದಿನೈದು ಮಂದಿ ಕನ್ನಡ ಮಾಧ್ಯಮ, ಒಬ್ಬರು ಉರ್ದು ಮಾಧ್ಯಮ. ಫಲಿತಾಂಶದಲ್ಲಿ: ಒಬ್ಬರ ವ್ಯತ್ಯಾಸ 3.2, ಅವರನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ 14.3. ಉರ್ದುವಿನ ಮಾತು ಅಲ್ಲಿ ಎತ್ತಲಿಲ್ಲ. ಚರ್ಚೆಯಲ್ಲಿ ಮಾತ್ರ: ಆ ಲಿಪಿ ಓದುವ ರೂಢಿ ಕಡಿಮೆಯಿದ್ದವರಿಗೆ ಪದದ ಅಡ್ಡಿಯೂ ಕಡಿಮೆ ಇರಬಹುದು, ಆದರೆ ಒಬ್ಬರ ಅಂಕಿಯಿಂದ ಹೀಗೇ ಎಂದು ಹೇಳಲಾಗದು.

ಚರ್ಚೆಯ ಮೊದಲ ಪ್ಯಾರಾದಲ್ಲಿ ಅಂಕಿಗಳನ್ನು ಮತ್ತೆ ಬರೆಯಲಿಲ್ಲ. ಹೊಂದದ ಪದಗಳಿಗೆ ಹೆಚ್ಚು ಸಮಯ ಹಿಡಿಯುತ್ತದೆಂಬ ಪ್ರಾಕ್ಕಲ್ಪನೆಗೆ ಬೆಂಬಲ ಸಿಕ್ಕಿದೆ ಎಂದೆ. ‘ಸಾಬೀತಾಗಿದೆ’ ಎಂಬ ಪದ ನಮ್ಮ ರೆಕಾರ್ಡ್ ಬುಕ್ಕುಗಳಲ್ಲಿ ಧಾರಾಳ, ಒಂದು ಪ್ರಯೋಗಕ್ಕೆ ಅದು ಹೆಚ್ಚಾಯಿತು. ಆಮೇಲೆ ಸ್ಟ್ರೂಪ್ ಜೊತೆ ಹೋಲಿಕೆ. ಅವನ ವ್ಯತ್ಯಾಸ 47 ಸೆಕೆಂಡ್, ನನ್ನದು 13.6. ಹಾಗೇ ಹೋಲಿಸಿದರೆ ದಾರಿ ತಪ್ಪುತ್ತದೆ, ಅವನದು ನೂರು, ನನ್ನದು ನಲವತ್ತು. ಶೇಕಡಾವಾರು ನೋಡಿದರೆ ಅವನಲ್ಲಿ ಸುಮಾರು 74, ನನ್ನಲ್ಲಿ 55ರಷ್ಟು ಹೆಚ್ಚಳ. ದಿಕ್ಕು ಒಂದೇ, ಪ್ರಮಾಣ ಕಡಿಮೆ. ಅವನದು ಐದು ಬಣ್ಣ, ನನ್ನದು ನಾಲ್ಕು ಎಂಬುದು ಒಂದು ಸಾಧ್ಯತೆ ಎಂದಷ್ಟೇ ಬರೆದೆ.

ತಪ್ಪುಗಳ ಎಣಿಕೆ ಉಪಯೋಗಕ್ಕೆ ಬಂದದ್ದೂ ಇಲ್ಲೇ. ಪದದ ಕಾರ್ಡಿನಲ್ಲಿ ಜನ ಹುಷಾರಾಗಿ ನಿಧಾನ ಮಾಡಿದ್ದಾರೆ ಅಷ್ಟೆ ಎಂದು ಯಾರಾದರೂ ಅನ್ನಬಹುದು. ಹಾಗಿದ್ದರೆ ತಪ್ಪು ಕಡಿಮೆಯಾಗಬೇಕಿತ್ತು. ತಪ್ಪೂ ಹೆಚ್ಚಿ ಸಮಯವೂ ಹೆಚ್ಚಿದೆ, ಹೀಗಾಗಿ ಆ ವಿವರಣೆ ನಿಲ್ಲುವುದು ಕಷ್ಟ. ಆದರೆ ತಿದ್ದುಪಡಿಯ ಸಮಯವೂ ಆ ಸೆಕೆಂಡುಗಳಲ್ಲೇ ಇದೆ ಎಂಬುದನ್ನೂ ಪಕ್ಕದಲ್ಲೇ ಹೇಳಬೇಕಾಯಿತು.

ಮಿತಿಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. “ಮಾದರಿ ಚಿಕ್ಕದು, ಇನ್ನೂ ಹೆಚ್ಚು ಜನರ ಮೇಲೆ ಮಾಡಬೇಕು” ಎಂಬ ಸಾಲು ಯಾವ ವರದಿಗೂ ಅಂಟುತ್ತದೆ, ಅದಕ್ಕೇ ಅದರಿಂದ ಏನೂ ಸಿಗುವುದಿಲ್ಲ. ನನ್ನ ಪ್ರಯೋಗದಲ್ಲಿ ಪರಿಣಾಮ ಕಾಣಲು ಹದಿನಾರು ಜನ ಸಾಕಾಗಿದ್ದರು. ನಿಜವಾದ ತೊಂದರೆ ಬೇರೆ ಕಡೆ ಇತ್ತು. ಚೌಕದ ಕಾರ್ಡಿನಲ್ಲಿ ಅಕ್ಷರಗಳೇ ಇಲ್ಲ. ಹಾಗಾದರೆ ಆ 13.6 ಸೆಕೆಂಡಿನಲ್ಲಿ ಎಷ್ಟು ಪಾಲು ಬಣ್ಣದ ಹೆಸರು ತಂದ ಗೊಂದಲ, ಎಷ್ಟು ಪಾಲು ಯಾವುದೋ ಒಂದು ಪದ ಕಣ್ಣಿಗೆ ಬಿದ್ದದ್ದರಿಂದ ಎಂದು ಈ ಎರಡು ಕಾರ್ಡುಗಳಿಂದ ಬೇರ್ಪಡಿಸಲಾಗದು. ಇದನ್ನು ಬರೆದ ಮೇಲೆ ಮೊದಲ ಪ್ಯಾರಾಕ್ಕೆ ವಾಪಸು ಹೋಗಿ, ‘ಬಣ್ಣದ ಹೆಸರಿನ ಅಡ್ಡಿ’ ಎಂದಿದ್ದನ್ನು ‘ಬರೆದ ಪದದ ಅಡ್ಡಿ’ ಎಂದು ಬದಲಿಸಬೇಕಾಯಿತು. ಮುಂದಿನ ಪ್ರಯೋಗಕ್ಕೆ ನಾನು ಸೂಚಿಸಿದ್ದೂ ಇದರಿಂದಲೇ ಹುಟ್ಟಿತು: ‘ಮರ’, ‘ಕುರ್ಚಿ’, ‘ಬಾಗಿಲು’ ಥರದ ಬಣ್ಣಕ್ಕೆ ಸಂಬಂಧವಿಲ್ಲದ ಪದಗಳನ್ನು ಅದೇ ನಾಲ್ಕು ಶಾಯಿಗಳಲ್ಲಿ ಅಚ್ಚು ಹಾಕಿದ ಮೂರನೇ ಕಾರ್ಡ್.